ವಿಪಿಎನ್ ಆನ್ ಇದ್ದರೂ ಕೆಲವು ತಾಣಗಳಿಗೆ ಮನೆಯ ವಿಳಾಸ ಕಾಣುವುದೇಕೆ?

ಪ್ರಶ್ನೆ: ಜರ್ಮನಿಯಲ್ಲಿ ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ವೈರ್‌ಗಾರ್ಡ್ ವಿಪಿಎನ್ ಹಾಕಿಕೊಂಡಿದ್ದೇನೆ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅದನ್ನು ಆನ್ ಮಾಡಿದರೆ ಒಂದು ತಾಣ ನಾನು ಜರ್ಮನಿಯಲ್ಲಿದ್ದೇನೆ ಎನ್ನುತ್ತದೆ, ಇನ್ನೊಂದು ನನ್ನ ಮನೆಯ ಇಂಟರ್ನೆಟ್ ಕಂಪನಿಯ ಹೆಸರನ್ನೇ ತೋರಿಸುತ್ತದೆ. ಅದೇ ವೈ-ಫೈನಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಈ ತೊಂದರೆ ಇಲ್ಲ. ಸುರಂಗ ಎಲ್ಲಿಯಾದರೂ ಒಡೆದಿದೆಯೇ?

ಸುರಂಗ ಒಡೆದಿಲ್ಲ. ಅದರೊಳಗೆ ಹೋದದ್ದೆಲ್ಲ ಗೂಢಲಿಪಿಯಲ್ಲಿಯೇ ಜರ್ಮನಿಯನ್ನು ತಲುಪುತ್ತಿದೆ. ಆದರೆ ನಿಮ್ಮ ಲ್ಯಾಪ್‌ಟಾಪಿನಿಂದ ಹೊರಡುವ ಪ್ಯಾಕೆಟ್‌ಗಳಲ್ಲಿ ಒಂದು ಪಾಲು ಆ ಸುರಂಗದ ಬಾಯಿಗೆ ಬರುವುದೇ ಇಲ್ಲ. ನಿಮ್ಮ ಕಾನ್ಫಿಗ್ ಕಡತದಲ್ಲಿ ಈ ಸಾಲು ಹೀಗೆ ಇರಬೇಕು ಎಂದುಕೊಂಡಿದ್ದೇನೆ:

```
AllowedIPs = 0.0.0.0/0
```

ಇದನ್ನು "ಎಲ್ಲವನ್ನೂ ಸುರಂಗದ ಮೂಲಕ ಕಳುಹಿಸು" ಎಂದು ಓದಿಕೊಳ್ಳುವುದು ಸಹಜ. ಅದರ ನಿಜವಾದ ಅರ್ಥ "ಎಲ್ಲ ಐಪಿವಿ4 ವಿಳಾಸಗಳನ್ನು" ಎಂದಷ್ಟೇ. 32 ಬಿಟ್‌ಗಳ ಐಪಿವಿ4 ಮತ್ತು 128 ಬಿಟ್‌ಗಳ ಐಪಿವಿ6 ಒಂದೇ ವೈ-ಫೈ ಮೇಲೆ ಓಡಾಡಿದರೂ ಎರಡು ಬೇರೆ ಬೇರೆ ಪ್ರೋಟೊಕಾಲ್‌ಗಳು, ಮತ್ತು ಯಾವ ಪ್ಯಾಕೆಟ್ ಯಾವ ದಾರಿಯಲ್ಲಿ ಹೋಗಬೇಕೆಂದು ನಿರ್ಧರಿಸುವ ರೂಟಿಂಗ್ ಟೇಬಲ್‌ಗಳನ್ನು ಲಿನಕ್ಸ್ ಕರ್ನಲ್ ಎರಡಕ್ಕೂ ಪ್ರತ್ಯೇಕವಾಗಿಯೇ ಇಟ್ಟುಕೊಂಡಿರುತ್ತದೆ. ಮೇಲಿನ ಸಾಲನ್ನು ನೋಡಿದ wg-quick, ಅಂದರೆ ವೈರ್‌ಗಾರ್ಡ್ ಸುರಂಗವನ್ನು ಆನ್ ಮಾಡುವ ಆದೇಶ, ಐಪಿವಿ4ರ ದಾರಿಯನ್ನು ಸುರಂಗದ ಬಾಯಿಯಾದ wg0 ಕಡೆಗೆ ತಿರುಗಿಸುತ್ತದೆ, ಐಪಿವಿ6ರ ತಂಟೆಗೆ ಹೋಗುವುದಿಲ್ಲ. ಅಲ್ಲಿ ನಿಮ್ಮ ಮನೆಯ ರೂಟರ್ ಮೊದಲೇ ಘೋಷಿಸಿದ್ದ "ಹೊರಗೆ ಹೋಗುವುದೆಲ್ಲ ನನ್ನ ಮೂಲಕ" ಎಂಬ ದಾರಿ ಹಾಗೆಯೇ ಉಳಿದಿರುತ್ತದೆ. ವಿಪಿಎನ್ ಆನ್ ಇರುವಾಗಲೇ ಈ ಎರಡು ಆದೇಶಗಳನ್ನು ಕೊಟ್ಟು ನೋಡಿ:

```
ip route get 1.1.1.1
ip -6 route get 2606:4700:4700::1111
```

ಎರಡೂ ಒಂದೇ ಸಾರ್ವಜನಿಕ ಡಿಎನ್‌ಎಸ್ ಸೇವೆಯ ವಿಳಾಸಗಳು. ಮೊದಲನೆಯ ಉತ್ತರದಲ್ಲಿ `dev wg0` ಎಂದೂ ಎರಡನೆಯದರಲ್ಲಿ `dev wlp2s0` ಅಥವಾ ನಿಮ್ಮ ವೈ-ಫೈ ಕಾರ್ಡಿನ ಹೆಸರು ಏನಿದೆಯೋ ಅದೂ ಬಂದರೆ ಸೋರಿಕೆ ಖಚಿತವಾಯಿತು. ಎರಡನೆಯ ಸಾಲಿನಲ್ಲಿ `proto ra` ಎಂಬ ಗುರುತೂ ಇದ್ದರೆ, ಆ ದಾರಿ ರೂಟರ್‌ನ ಘೋಷಣೆಯಿಂದ ಬಂದದ್ದು ಎಂದರ್ಥ.

ಹಾಗಾದರೆ ಎಲ್ಲ ತಾಣಗಳಿಗೂ ಹೀಗಾಗದೆ ಕೆಲವಕ್ಕೆ ಮಾತ್ರ ಏಕೆ ಹೀಗಾಗುತ್ತದೆ ಎಂಬುದೇ ನಿಮ್ಮ ಗೊಂದಲದ ಮೂಲ. ಬ್ರೌಸರ್ ಒಂದು ತಾಣದ ಹೆಸರನ್ನು ವಿಚಾರಿಸುವಾಗ ಡಿಎನ್‌ಎಸ್‌ಗೆ ಎರಡು ಪ್ರಶ್ನೆಗಳನ್ನು ಕೇಳುತ್ತದೆ: ಐಪಿವಿ4 ವಿಳಾಸಕ್ಕಾಗಿ A ದಾಖಲೆ, ಐಪಿವಿ6 ವಿಳಾಸಕ್ಕಾಗಿ AAAA ದಾಖಲೆ. ಇಲ್ಲಿ ಗಮನಿಸಬೇಕಾದದ್ದೆಂದರೆ, AAAA ಪ್ರಶ್ನೆಯನ್ನು ಐಪಿವಿ4 ಮೂಲಕವೂ ಕೇಳಬಹುದು. ನಿಮ್ಮ ಡಿಎನ್‌ಎಸ್ ಸುರಂಗದೊಳಗೇ ಇದ್ದರೂ, ಜರ್ಮನಿಯ ಸರ್ವರ್ ಕಡೆಯಿಂದಲೇ ಐಪಿವಿ6 ವಿಳಾಸವೊಂದು ಕೈಗೆ ಬರುತ್ತದೆ, ಮತ್ತು ಅದನ್ನು ಹಿಡಿದುಕೊಂಡು ಬ್ರೌಸರ್ ಸುರಂಗದ ಹೊರಗಿನಿಂದ ನೇರವಾಗಿ ಹೊರಡುತ್ತದೆ. "ಡಿಎನ್‌ಎಸ್ ಸೋರಿಕೆ ಇಲ್ಲ" ಎಂಬ ಪರೀಕ್ಷೆಯ ಫಲಿತಾಂಶವನ್ನು ನೋಡಿ ನಿಶ್ಚಿಂತರಾಗಬಾರದು ಎಂದು ನಾನು ಹೇಳುವುದು ಇದಕ್ಕಾಗಿಯೇ.

AAAA ದಾಖಲೆ ಇಲ್ಲದ ತಾಣಕ್ಕೆ ಐಪಿವಿ4 ಒಂದೇ ದಾರಿ, ಆದ್ದರಿಂದ ಅದಕ್ಕೆ ನೀವು ಜರ್ಮನಿಯವರು. ಎರಡೂ ಇರುವ ತಾಣದ ವಿಷಯದಲ್ಲಿ ಆಯ್ಕೆ ಸಾಮಾನ್ಯವಾಗಿ ಐಪಿವಿ6 ಕಡೆಗೇ ವಾಲುತ್ತದೆ. ಬ್ರೌಸರ್‌ಗಳು ಅನುಸರಿಸುವ "ಹ್ಯಾಪಿ ಐಬಾಲ್ಸ್" ಎಂಬ ವಿಧಾನದಲ್ಲಿ (2017ರ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 8305) ಐಪಿವಿ6 ಸಂಪರ್ಕವನ್ನು ಮೊದಲು ಪ್ರಯತ್ನಿಸಿ, ಸುಮಾರು 250 ಮಿಲಿಸೆಕೆಂಡುಗಳೊಳಗೆ ಅದು ಕೂಡದಿದ್ದರೆ ಮಾತ್ರ ಐಪಿವಿ4 ಅನ್ನೂ ಪ್ರಯತ್ನಿಸಬೇಕೆಂದು ಶಿಫಾರಸು ಇದೆ. ಮನೆಯಿಂದ ನೇರವಾಗಿ ಹೋಗುವ ದಾರಿಗೆ ಇಷ್ಟು ಸಮಯ ಧಾರಾಳವಾಗಿ ಸಾಕು. ಜರ್ಮನಿ ಸುತ್ತಿಬರಬೇಕಾದ ಐಪಿವಿ4ಗೆ ಸರದಿಯೇ ಬರುವುದಿಲ್ಲ.

ಈ ಸೋರಿಕೆಯನ್ನು ನಾನು ಲಘುವಾಗಿ ಕಾಣದಿರುವುದಕ್ಕೆ ಒಂದು ಕಾರಣವಿದೆ. ಐಪಿವಿ4ರಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಕಂಪನಿಗಳು ಎಷ್ಟೋ ಮನೆಗಳಿಗೆ ಹಂಚಿರುವುದು ಸಾಮಾನ್ಯ, ಹಾಗಾಗಿ ಆ ವಿಳಾಸ ಒಂದು ಗುಂಪನ್ನಷ್ಟೇ ತೋರಿಸುತ್ತದೆ. ಐಪಿವಿ6ರಲ್ಲಿ ವಿಳಾಸದ ಮೊದಲ 64 ಬಿಟ್‌ಗಳು, ಅಂದರೆ ಕೋಲನ್‌ಗಳ ನಡುವಿನ ಮೊದಲ ನಾಲ್ಕು ಗುಂಪುಗಳು, ನಿಮ್ಮ ಮನೆಯ ಜಾಲವನ್ನೇ ಹೆಸರಿಸುತ್ತವೆ. ಕಂಪ್ಯೂಟರ್ ಆಗಾಗ ಬದಲಿಸಿಕೊಳ್ಳುವ ತಾತ್ಕಾಲಿಕ ವಿಳಾಸದಲ್ಲಿ ಬದಲಾಗುವುದು ಉಳಿದ ಅರ್ಧ ಮಾತ್ರ.

ಫೋನಿನಲ್ಲಿ ತೊಂದರೆ ಕಾಣದಿರುವುದು ಆಂಡ್ರಾಯ್ಡ್‌ನ ನಿಯಮದಿಂದ. ವಿಪಿಎನ್ ಆ್ಯಪ್ ಒಂದು ಪ್ರೋಟೊಕಾಲ್‌ಗೆ ವಿಳಾಸ, ದಾರಿ, ಡಿಎನ್‌ಎಸ್ ಯಾವುದನ್ನೂ ಕೊಡದಿದ್ದರೆ, ಆ್ಯಪ್ ತಾನಾಗಿ ಅನುಮತಿ ಕೇಳದ ಹೊರತು ಆಂಡ್ರಾಯ್ಡ್ ಆ ಪ್ರೋಟೊಕಾಲ್ ಅನ್ನು ಪೂರ್ತಿ ತಡೆದುಬಿಡುತ್ತದೆ. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಅಂತಹ ಕಾವಲು ತಾನಾಗಿ ಇರುವುದಿಲ್ಲ.

ಸರಿಪಡಿಸಲು ಲ್ಯಾಪ್‌ಟಾಪಿನ ಕಡತದಲ್ಲಿ ಐಪಿವಿ6ರ ವಿಳಾಸವನ್ನೂ ದಾರಿಯನ್ನೂ ಸೇರಿಸಬೇಕು. ವಿಳಾಸಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ:

```
[Interface]
Address = 10.8.0.2/32, fd42:8:8::2/128

[Peer]
AllowedIPs = 0.0.0.0/0, ::/0
```

ಸರ್ವರ್‌ನಲ್ಲಿ ನಿಮ್ಮ ಲ್ಯಾಪ್‌ಟಾಪಿನ ಭಾಗದ `AllowedIPs` ಸಾಲಿಗೂ `fd42:8:8::2/128` ಸೇರಬೇಕು, ಅಲ್ಲಿ ಐಪಿವಿ6 ಫಾರ್ವರ್ಡಿಂಗ್ ಆನ್ ಇರಬೇಕು, ಮತ್ತು fd ಯಿಂದ ಶುರುವಾಗುವ ಖಾಸಗಿ ವಿಳಾಸಗಳನ್ನು ಸರ್ವರ್‌ನ ಸಾರ್ವಜನಿಕ ಐಪಿವಿ6 ವಿಳಾಸಕ್ಕೆ ಬದಲಿಸುವ ನ್ಯಾಟ್ ನಿಯಮವೂ ಬೇಕು. ಸರ್ವರ್‌ಗೆ ಐಪಿವಿ6 ಇಲ್ಲವೇ ಇಲ್ಲವೆಂದಾದರೂ `::/0` ಅನ್ನು ಬಿಡಬೇಡಿ. ಆಗ ಐಪಿವಿ6 ಪ್ಯಾಕೆಟ್‌ಗಳು ಸುರಂಗಕ್ಕೆ ಹೋಗಿ ಅಲ್ಲಿಯೇ ಸಾಯುತ್ತವೆ, ಬ್ರೌಸರ್ ಕಾಲು ಸೆಕೆಂಡಿನ ನಂತರ ಐಪಿವಿ4ಗೆ ಬರುತ್ತದೆ. ಎರಡೂ ದಾರಿಗಳನ್ನು ಒಟ್ಟಿಗೆ ಪ್ರಯತ್ನಿಸಲು ಬಾರದ ಕೆಲವು ಹಳೆಯ ಪ್ರೋಗ್ರಾಂಗಳು ಬಹಳ ಹೊತ್ತು ನಿಂತುಬಿಡಬಹುದು. ಸೋರುವುದಕ್ಕಿಂತ ಅದು ವಾಸಿ ಎಂಬುದು ನನ್ನ ಅಭಿಪ್ರಾಯ.

ಒಂದೇ ಜಾಲದಲ್ಲಿ ಪರೀಕ್ಷಿಸಿ ಬಿಟ್ಟುಬಿಡಬೇಡಿ. ಇಂತಹದೇ ಕಡತವನ್ನು ನಾನು ಸುಮಾರು ಒಂದು ವರ್ಷ ಬಳಸಿದ್ದೆ. ಕೆಲಸದ ಜಾಗದಲ್ಲಿ ಪ್ರತಿ ಸಲವೂ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಏಕೆಂದರೆ ಅಲ್ಲಿಯ ಜಾಲದಲ್ಲಿ ಐಪಿವಿ6 ಇರಲೇ ಇಲ್ಲ. ಒಂದು ದಿನ ನನ್ನ ಇಮೇಲ್ ಖಾತೆಯ ಲಾಗಿನ್ ಪಟ್ಟಿಯನ್ನು ತೆರೆದಾಗ, ವಿಪಿಎನ್ ಆನ್ ಇದ್ದ ಹೊತ್ತಿನ ಸಾಲುಗಳಲ್ಲಿಯೇ ಕೋಲನ್‌ಗಳಿಂದ ತುಂಬಿದ ಉದ್ದನೆಯ ವಿಳಾಸವೂ ಅದರ ಪಕ್ಕದಲ್ಲಿ ನಮ್ಮ ಊರಿನ ಹೆಸರೂ ಇದ್ದವು. ಇನ್ನೂ ಒಂದು ಅಪಾಯವಿದೆ: ಐಪಿವಿ6 ಇಲ್ಲದ ಸಾರ್ವಜನಿಕ ವೈ-ಫೈನಲ್ಲಿಯೂ, ಅದೇ ಜಾಲದಲ್ಲಿರುವ ಕಿಡಿಗೇಡಿಯೊಬ್ಬ ತಾನೇ ರೂಟರ್ ಎಂದು ಘೋಷಣೆ ಕಳುಹಿಸಿ ನಿಮ್ಮ ಲ್ಯಾಪ್‌ಟಾಪಿಗೆ ಹೊಸ ಐಪಿವಿ6 ದಾರಿಯನ್ನು ಹಚ್ಚಬಹುದು. 2014ರ ಆರ್‌ಎಫ್‌ಸಿ 7359 ಈ ಸೋರಿಕೆಯನ್ನು ವಿವರಿಸುವಾಗ ಇದನ್ನೂ ಎಚ್ಚರಿಸಿದೆ.

ಬದಲಾವಣೆ ಮಾಡಿ, ಸುರಂಗವನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದ ಮೇಲೆ ಇದನ್ನು ಓಡಿಸಿ:

```
curl -4 https://ifconfig.co
curl -6 https://ifconfig.co
```

ಎರಡನೆಯದಕ್ಕೆ ಜರ್ಮನಿಯ ಸರ್ವರ್‌ನ ಐಪಿವಿ6 ವಿಳಾಸ ಬಂದರೆ ಸರಿ, ಸಂಪರ್ಕ ಆಗಲಿಲ್ಲವೆಂಬ ದೋಷ ಬಂದರೂ ಸೋರಿಕೆಯ ಮಟ್ಟಿಗೆ ಸರಿ. ವಿಪಿಎನ್ ಆಫ್ ಇದ್ದಾಗ ಕಾಣುವ ಮೊದಲ ನಾಲ್ಕು ಗುಂಪುಗಳೇ ಮತ್ತೆ ಕಂಡರೆ, ಮೇಲಿನ `ip -6 route get` ಆದೇಶದ ಉತ್ತರವನ್ನು ಇಲ್ಲಿ ಹಾಕಿ, ನೋಡೋಣ. ಹಾಕುವ ಮೊದಲು ಆ ನಾಲ್ಕು ಗುಂಪುಗಳನ್ನು ಅಳಿಸಿರಿ.