ಸಿನಾಯ್ ಗಣಿಯಲ್ಲಿ ಹುಟ್ಟಿದ ಅಕ್ಷರಗಳು

ಪ್ರಶ್ನೆ: ಚಿತ್ರ ಬಿಡಿಸಿ ಬರೀತಿದ್ದ ಜನ ಧ್ವನಿಗೊಂದು ಅಕ್ಷರ ಅನ್ನೋ ಪದ್ಧತಿಗೆ ಹೇಗೆ ಬಂದ್ರು?

ಉತ್ತರ: ಈಜಿಪ್ಟಿನ ಚಿತ್ರಲಿಪಿಯಲ್ಲಿ ನೂರಾರು ಚಿಹ್ನೆಗಳಿದ್ದವು, ಅವುಗಳಲ್ಲಿ ಕೆಲವು ಇಡೀ ಪದವನ್ನೂ ಕೆಲವು ಬರೀ ಧ್ವನಿಯನ್ನೂ ಸೂಚಿಸುತ್ತಿದ್ದವು. ಅಂದರೆ ಧ್ವನಿಯನ್ನು ಬರೆಯುವುದು ಆಗಲೇ ಗೊತ್ತಿತ್ತು, ಪದಚಿಹ್ನೆಗಳನ್ನು ಪೂರ್ತಿ ಕೈಬಿಡುವ ಧೈರ್ಯವಷ್ಟೇ ಹೊಸದು. ಆ ಹೆಜ್ಜೆಯನ್ನು ಇಟ್ಟವರು, ಸುಮಾರು 3,800 ವರ್ಷಗಳ ಹಿಂದೆ, ಈಜಿಪ್ಟಿನವರ ಒಡನಾಟದಲ್ಲಿದ್ದ ಕಾನಾನ್ ಪ್ರದೇಶದ, ಹೀಬ್ರೂ-ಅರಬ್ಬಿಗಳ ಕುಟುಂಬಕ್ಕೆ ಸೇರಿದ ಸೆಮಿಟಿಕ್ ಭಾಷೆಯನ್ನಾಡುವವರೆಂದು ಬಹುತೇಕ ವಿದ್ವಾಂಸರು ಭಾವಿಸುತ್ತಾರೆ.

ಅವರು ಚಿತ್ರದ ಆಕಾರವನ್ನು ಎರವಲು ಪಡೆದು, ಆ ವಸ್ತುವಿಗೆ ತಮ್ಮ ಭಾಷೆಯಲ್ಲಿದ್ದ ಹೆಸರಿನ ಮೊದಲ ಧ್ವನಿಯನ್ನು ಮಾತ್ರ ಉಳಿಸಿಕೊಂಡರು. ಮನೆಗೆ ‘ಬೇತ್’ ಎನ್ನುತ್ತಿದ್ದರು, ಹಾಗಾಗಿ ಮನೆಯ ಚಿತ್ರ ‘ಬ್’ ಆಯಿತು.

ಇದಕ್ಕೆ ಸಾಕ್ಷಿ ಈಜಿಪ್ಟಿನ ಸಿನಾಯ್ ಪರ್ಯಾಯದ್ವೀಪದ ಸೆರಾಬಿತ್ ಅಲ್-ಖಾದಿಮ್ ಎಂಬ ಫಿರೋಜಾ ಹರಳಿನ ಗಣಿಯ ಬಳಿ, 1905ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅವರಿಗೆ ಸಿಕ್ಕಿದ ಪುಟ್ಟ ಸ್ಫಿಂಕ್ಸ್ ವಿಗ್ರಹ. ಅದರ ಮೇಲೆ ಹಾಥೋರ್ ದೇವಿಯ ಹೆಸರು ಈಜಿಪ್ಟಿನ ಲಿಪಿಯಲ್ಲಿದೆ. ಜೊತೆಗೆ ಅಪರಿಚಿತ ಚಿಹ್ನೆಗಳೂ ಇವೆ. ಅಲ್ಲಿನ ಬರಹಗಳಲ್ಲಿ ಮನೆ, ಕಣ್ಣು, ಎತ್ತು ಹೊಡೆಯುವ ಕೋಲು, ಶಿಲುಬೆಯಾಕಾರದ ಗುರುತು ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಈಜಿಪ್ಟ್ ಲಿಪಿಯ ತಜ್ಞ ಆಲನ್ ಗಾರ್ಡಿನರ್ 1916ರಲ್ಲಿ ಈ ಚಿತ್ರಗಳ ಸೆಮಿಟಿಕ್ ಹೆಸರುಗಳ ಮೊದಲ ಧ್ವನಿಗಳನ್ನು ಕೂಡಿಸಿ ಅದನ್ನು ‘ಬಾಲತ್’, ಎಂದರೆ ‘ಒಡತಿ’, ಎಂದು ಓದಿದರು. ಅದು ಹಾಥೋರಳಿಗೂ ಸಲ್ಲುತ್ತಿದ್ದ ಬಿರುದು.

ಈ ಲಿಪಿಯಲ್ಲಿ ಸ್ವರಗಳಿಗೆ ಚಿಹ್ನೆಯಿರಲಿಲ್ಲ, ಓದುವವನೇ ತುಂಬಿಕೊಳ್ಳಬೇಕಿತ್ತು. ಇದರಿಂದ ಬೆಳೆದ ಫಿನೀಷಿಯನ್ ಲಿಪಿಯನ್ನು ಪಡೆದ ಗ್ರೀಕರು, ತಮ್ಮ ಭಾಷೆಯಲ್ಲಿಲ್ಲದ ಗಂಟಲ ವ್ಯಂಜನವೊಂದಕ್ಕಿದ್ದ ‘ಆಲೆಫ್’ ಎಂಬ ಎತ್ತಿನ ತಲೆಯ ಅಕ್ಷರವನ್ನು ‘ಅ’ ಸ್ವರಕ್ಕೆ ಬಳಸಿಕೊಂಡರು.