ಮೂರು ವರ್ಷದ ಕರಾರಿಗೊಂದು ಬೆಲೆಯಿದೆ

ಮಾನ್ಯ ಸಂಪಾದಕರೆ,

ನಾಲ್ಕು ವರ್ಷಗಳಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಬಾಡಿಗೆ ಕೊಡುವುದು ಒಂದು ತಿಂಗಳೂ ತಡವಾಗಿಲ್ಲ. ಕರಾರು ಮುಗಿಯಲು ಎರಡು ತಿಂಗಳಿರುವಾಗ ಮಾಲೀಕರು ಬಾಡಿಗೆಯನ್ನು ಶೇ 25ರಷ್ಟು ಏರಿಸುವುದಾಗಿ ತಿಳಿಸಿದ್ದಾರೆ. ಶೇ 10 ಹೆಚ್ಚು ಕೊಡುತ್ತೇನೆ, ಮೂರು ವರ್ಷದ ಕರಾರು ಮಾಡಿಕೊಡಿ ಎಂದು ಬರೆಯುವ ಯೋಚನೆ ನನ್ನದು. ಹಾಗೆ ಚೌಕಾಸಿ ಮಾಡಿದರೆ ಮನೆ ಖಾಲಿ ಮಾಡಿ ಎಂದುಬಿಡುತ್ತಾರೆಂದು ಮನೆಯವರಿಗೆ ಭಯ. ಬರೆಯಲೇ, ಬೇಡವೇ? ಕರಡು ಲಗತ್ತಿಸಿದ್ದೇನೆ.

— ಹೆಸರು ಬೇಡವೆಂದಿರುವ ಓದುಗರು

ಖಂಡಿತ ಬರೆಯಿರಿ. ಆದರೆ ಲಗತ್ತಿಸಿದ ಕರಡನ್ನು ಮಾತ್ರ ಕಳುಹಿಸಬೇಡಿ. ಅದರ ಮೊದಲ ಪುಟದ ತುಂಬ ಮಕ್ಕಳ ಶಾಲೆಯ ಶುಲ್ಕ, ತಾಯಿಯವರ ಔಷಧಿ, ಹೆಚ್ಚದ ಸಂಬಳ. ಓದಿ ನನಗೆ ಸಂಕಟವಾಯಿತು. ನಿಮ್ಮ ಮಾಲೀಕರಿಗೂ ಆದೀತು. ಆದರೆ ಮುಂದಿನ ಮೂರು ವರ್ಷ ಬಾಡಿಗೆ ಕಟ್ಟುತ್ತೇನೆ ಎಂದು ಮಾತು ಕೊಡುವವರು, ಕಟ್ಟಬಲ್ಲರೋ ಇಲ್ಲವೋ ಎಂಬ ಅನುಮಾನವನ್ನು ಅದೇ ಕಾಗದದಲ್ಲಿ ಹುಟ್ಟಿಸಬಾರದು. ಎರಡನೆಯ ಪುಟದಲ್ಲಿ ಸೋರುವ ನಲ್ಲಿಯ ದೂರು ಬರುತ್ತದೆ. ಅದನ್ನು ಬೇರೆ ಪತ್ರದಲ್ಲಿ ಬರೆಯಿರಿ.

ಮಾಲೀಕರ ಕಡೆಗೂ ನ್ಯಾಯವಿದೆ, ಒಪ್ಪುತ್ತೇನೆ. ತೆರಿಗೆ ಏರುತ್ತದೆ, ದುರಸ್ತಿಯ ಕೂಲಿ ಏರುತ್ತದೆ, ಸಾಲದ ಕಂತಿದ್ದರೆ ಅದೂ ನಿಲ್ಲುವುದಿಲ್ಲ. ನಾಲ್ಕು ವರ್ಷ ಒಂದೇ ಬಾಡಿಗೆಯಲ್ಲಿದ್ದರೆ ಏರಿಕೆ ಕೇಳುವುದು ತಪ್ಪಲ್ಲ. ಆದರೆ ಕಾಲು ಭಾಗ ಒಮ್ಮೆಲೇ ಏರಿಸುವವರು ಒಂದು ಲೆಕ್ಕವನ್ನು ಮರೆತಿರುತ್ತಾರೆ. ಅದನ್ನು ಅವರ ಮುಂದಿಡುವುದೇ ನಿಮ್ಮ ಪತ್ರದ ಕೆಲಸ.

ನಿಮ್ಮ ಈಗಿನ ತಿಂಗಳ ಬಾಡಿಗೆಯನ್ನು 100 ಎಂದಿಟ್ಟುಕೊಳ್ಳೋಣ. ಮಾಲೀಕರು ಕೇಳುವುದು 125. ನೀವು ಮೊದಲ ವರ್ಷ 110 ಕೊಡುತ್ತೀರಿ. ಎರಡನೆಯ ಮತ್ತು ಮೂರನೆಯ ವರ್ಷ ತಲಾ ಶೇ 5 ಏರಿಸಿ ಎಂದು ನೀವಾಗಿಯೇ ಹೇಳುತ್ತೀರಿ. ನಿಮ್ಮ ಕರಡಿನಲ್ಲಿ ಈ ವಾರ್ಷಿಕ ಏರಿಕೆಯ ಮಾತೇ ಇಲ್ಲ. ಅದನ್ನು ಸೇರಿಸದೆ ಮೂರು ವರ್ಷ ಕೇಳಿದರೆ ಮಾಲೀಕರಿಗೆ ಅದು ಬಾಡಿಗೆಯನ್ನು ಕಟ್ಟಿಹಾಕಿದಂತೆ ಕಾಣುತ್ತದೆ. ಸೇರಿಸಿದರೆ ಮೂರು ವರ್ಷಕ್ಕೆ ಅವರ ಕೈಸೇರುವುದು ಸುಮಾರು 4,161.

ಈಗ ನೀವು ಮನೆ ಬಿಟ್ಟಿರಿ ಎನ್ನಿ. ಮನೆ ಎರಡು ತಿಂಗಳು ಖಾಲಿ ಬಿತ್ತು, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಹೋಯಿತು, ಸುಣ್ಣಬಣ್ಣ ಮತ್ತು ಸಣ್ಣ ದುರಸ್ತಿಗೆ ಇನ್ನೊಂದು 100. ಹೊಸಬರು ಪೂರ್ತಿ 125ಕ್ಕೇ ಬಂದು, ವರ್ಷಕ್ಕೆ ಶೇ 5 ಏರಿಕೆಯನ್ನೂ ಒಪ್ಪಿ, ಮೂರು ವರ್ಷವೂ ಉಳಿದರು ಎಂದೇ ಇಟ್ಟುಕೊಳ್ಳಿ. ಆಗ ಮಾಲೀಕರಿಗೆ ಸಿಗುವುದು ಸುಮಾರು 4,254. ಇಷ್ಟೆಲ್ಲ ಓಡಾಟ, ಅನಿಶ್ಚಿತತೆಗಳ ಕೊನೆಗೆ ನಿಮ್ಮ ಪ್ರಸ್ತಾವಕ್ಕಿಂತ ಮೇಲೆ ದಕ್ಕಿದ್ದು ಒಂದು ತಿಂಗಳ ಬಾಡಿಗೆಗಿಂತ ಕಡಿಮೆ. ಹೊಸಬರು 118ಕ್ಕೆ ಬಂದರೆ ಮೊತ್ತ ಸುಮಾರು 4,010ಕ್ಕೆ ಇಳಿಯುತ್ತದೆ; ಅದು ನಷ್ಟ. ವರ್ಷದೊಳಗೆ ಅವರೂ ಎದ್ದು ಹೋದರೆ ಇದೇ ಖರ್ಚು ಮತ್ತೆ ಮೊದಲಿನಿಂದ.

ಹಾಗಾದರೆ 125 ಕೇಳುವುದರಲ್ಲಿ ಲಾಭ ಎಲ್ಲಿದೆ? ನೀವೇ ಉಳಿದು ಅಷ್ಟನ್ನೂ ಕೊಟ್ಟರೆ ಇದೆ. ಆಗ ಮೂರು ವರ್ಷಕ್ಕೆ ಸುಮಾರು 4,729. ದೊಡ್ಡ ಏರಿಕೆ ಲಾಭ ತರುವುದು, ಒಳಗಿರುವವರಿಗೆ ಬೇರೆ ದಾರಿಯಿಲ್ಲ ಎಂಬ ನಂಬಿಕೆ ನಿಜವಾದಾಗ ಮಾತ್ರ. ಆದ್ದರಿಂದ ಪತ್ರ ಬರೆಯುವ ಮೊದಲು ಅಷ್ಟೇ ವಿಸ್ತೀರ್ಣದ, ಅಷ್ಟೇ ಹಳೆಯ ನಾಲ್ಕೈದು ಮನೆಗಳ ಬಾಡಿಗೆ ವಿಚಾರಿಸಿ. ಜಾಹೀರಾತಿನಲ್ಲಿ ಹೇಳುವುದು ಒಂದು, ಕುದುರುವುದು ಇನ್ನೊಂದು. ಹೊಸದಾಗಿ ಸೇರಿದವರನ್ನು ಕೇಳಿದರೆ ನಿಜವಾದ ದರ ತಿಳಿಯುತ್ತದೆ. ಆ ದರ 118ರ ಆಸುಪಾಸಿನಲ್ಲಿದ್ದರೆ ನಿಮ್ಮ 110 ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲ ಕಡೆ 130 ನಡೆಯುತ್ತಿದ್ದರೆ ನಿಲ್ಲುವುದಿಲ್ಲ; ಆಗ 115ರಿಂದ ಮಾತು ಆರಂಭಿಸಿ.

ನನ್ನ ಪರಿಚಯದ ಮನೆ ಮಾಲೀಕರೊಬ್ಬರು ಹಳೆಯ ಬಾಡಿಗೆದಾರರನ್ನು ಇಂಥದೇ ಏರಿಕೆಯಿಂದ ಕಳೆದುಕೊಂಡರು. ಮನೆ ತಿಂಗಳುಗಟ್ಟಲೆ ಖಾಲಿಯಿತ್ತು. ಬಾಗಿಲು ಮುಚ್ಚಿದ ಮನೆಯಲ್ಲಿ ಬಚ್ಚಲಿನ ತೇವ ಗೋಡೆಗೆ ಏರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಬಂದವರು ಹಳಬರು ಕೊಡುತ್ತೇವೆಂದಿದ್ದ ಮೊತ್ತಕ್ಕೇ ಬಂದರು. ಇದನ್ನು ಅವರೇ ನನಗೆ ಹೇಳಿದರು, ವಿಷಾದದಿಂದ.

ಮನೆ ಬಾಡಿಗೆಯಲ್ಲಿ ಎರಡು ಪಾಲುಗಳಿವೆ ಎಂದು ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ 1776ರಲ್ಲೇ ವಿವರಿಸಿದ್ದ. ಒಂದು, ಕಟ್ಟಡಕ್ಕೆ ಹಾಕಿದ ಬಂಡವಾಳದ ಪ್ರತಿಫಲ. ಇನ್ನೊಂದು, ಅದು ನಿಂತಿರುವ ನೆಲದ ಬಾಡಿಗೆ. ಇದನ್ನು ಓದಿದಾಗಿನಿಂದ ನನಗೊಂದು ತಕರಾರು ಉಳಿದಿದೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ, ಅದರ ಪಾಲು ಒಮ್ಮೆಲೇ ಕಾಲು ಭಾಗ ಏರಲು ಕಾರಣವಿಲ್ಲ. ಏರುವುದು ನೆಲದ ಪಾಲು. ಅದನ್ನು ಏರಿಸಿದ್ದು ಸುತ್ತಲ ರಸ್ತೆ, ಶಾಲೆ, ಅಂಗಡಿ, ಅಲ್ಲಿ ನೆಲೆಸಿ ಬೀದಿಯನ್ನು ವಾಸಯೋಗ್ಯ ಮಾಡಿದ ಜನ. ಆ ಜನರಲ್ಲಿ ಬಾಡಿಗೆದಾರರೂ ಇದ್ದಾರೆ. ತಾವೂ ಕೂಡಿ ಹೆಚ್ಚಿಸಿದ ಬೆಲೆಯನ್ನು ತಾವೇ ತೆತ್ತು, ಅದೂ ಸಾಲದಿದ್ದರೆ ಜಾಗ ಖಾಲಿ ಮಾಡಬೇಕಾದ ಸ್ಥಿತಿ ಅವರದು. ವರ್ಷ ವರ್ಷ ನವೀಕರಿಸುವ ಕರಾರು ಈ ಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತದೆ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ತಿಳಿಯದವರು ಗೋಡೆಯ ಬಿರುಕನ್ನು ಏಕೆ ಸರಿಪಡಿಸುತ್ತಾರೆ? ನೆರೆಯವರ ಪರಿಚಯಕ್ಕೆ ಏಕೆ ಕೈಹಾಕುತ್ತಾರೆ? ಇಷ್ಟಾದರೂ ಬಾಡಿಗೆದಾರರು ಏರಿಕೆಗೆ ಉತ್ತರ ಬರೆಯುವುದನ್ನು ಉದ್ಧಟತನವೆಂದೇ ತಿಳಿದಿದ್ದಾರೆ. ನಿಮ್ಮ ಮನೆಯವರ ಭಯವೂ ಅಲ್ಲಿಂದಲೇ ಬಂದದ್ದು. ಕರಾರು ಎಂದರೆ ಇಬ್ಬರು ಒಪ್ಪಿದ್ದು. ಒಬ್ಬರೇ ಬರೆದು ಇನ್ನೊಬ್ಬರು ಸಹಿ ಹಾಕುವುದಾದರೆ ಅದು ಆಜ್ಞೆಯಾಗುತ್ತದೆ.

ಪತ್ರ ಒಂದು ಪುಟ ಮೀರದಿರಲಿ. ಮೊದಲು ಅವರ ಪತ್ರ ತಲುಪಿದೆ, ಏರಿಕೆ ಬೇಕೆಂಬುದು ಅರ್ಥವಾಗುತ್ತದೆ ಎನ್ನಿ. ನಾಲ್ಕು ವರ್ಷ ತಡವಿಲ್ಲದೆ ಕಟ್ಟಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ. ನಂತರ ಮೂರು ವರ್ಷದ ಮೊತ್ತಗಳನ್ನು ವರ್ಷವಾರು ಬರೆಯಿರಿ. ಮನೆ ಬಿಡುತ್ತೇನೆಂಬ ಬೆದರಿಕೆ ಬೇಡ, ಖಾಲಿ ಬೀಳುವ ತಿಂಗಳುಗಳ ಲೆಕ್ಕ ಅವರಿಗೂ ಬರುತ್ತದೆ. ಮೂರನೆಯ ವರ್ಷದ ಕೊನೆಗೆ ನೀವು ಕೊಡುತ್ತಿರುವುದು ಸುಮಾರು 121. ಆಗಿನ ದರ ಅದಕ್ಕಿಂತ ಮೇಲಿದ್ದರೆ ಎಂಬ ಚಿಂತೆ ಮಾಲೀಕರಿಗೆ ಇದ್ದೇ ಇರುತ್ತದೆ. ನಾಲ್ಕನೆಯ ವರ್ಷದಿಂದ ಆಗಿನ ದರ ನೋಡಿ ಹೊಸದಾಗಿ ನಿಗದಿಪಡಿಸೋಣ ಎಂದು ನೀವೇ ಬರೆದರೆ ಆ ಚಿಂತೆಗೆ ಉತ್ತರ ಸಿಗುತ್ತದೆ.

ದೀರ್ಘ ಕರಾರು ನಿಮ್ಮನ್ನೂ ಕಟ್ಟುತ್ತದೆ ಎಂಬುದನ್ನು ಕರಡು ಬರೆಯುವಾಗ ನೀವು ಯೋಚಿಸಿದಂತಿಲ್ಲ. ನಡುವೆ ವರ್ಗವಾದರೆ ಉಳಿದ ತಿಂಗಳ ಬಾಡಿಗೆ ನಿಮ್ಮ ತಲೆಗೆ ಬರಬಹುದು. ಮೊದಲ 18 ತಿಂಗಳು ಬಿಡುವುದಿಲ್ಲ, ಆಮೇಲೆ ಎರಡು ತಿಂಗಳ ಮುನ್ಸೂಚನೆ ಕೊಟ್ಟು ಬಿಡಬಹುದು ಎಂಬ ಷರತ್ತು ಕೇಳಿ. ಮನೆ ಮಾರಾಟವಾದರೆ ಕೊಂಡವರೂ ಈ ಕರಾರಿಗೆ ಬದ್ಧರು ಎಂಬ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ನೀವು ಹಣ ಕೊಟ್ಟು ಕೊಂಡ ಮೂರು ವರ್ಷ ಮಾರಾಟದ ದಿನವೇ ಮುಗಿಯಬಹುದು. ಅನೇಕ ಕಡೆ ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾಗುತ್ತದೆ. ಆ ಖರ್ಚು ಯಾರದೆಂದೂ ಬರೆಯಿರಿ. ಅರ್ಧ ನನ್ನದು ಎಂದರೆ ಒಪ್ಪಿಗೆ ಬೇಗ ಬಂದೀತು.

ಉತ್ತರಕ್ಕೆ ಎರಡು ವಾರದ ಗಡುವು ಸೂಚಿಸಿ, ಕರಾರು ಮುಗಿಯುವವರೆಗೆ ಹಳೆಯ ಬಾಡಿಗೆಯನ್ನು ಹೇಳಿದ ದಿನವೇ ಕಟ್ಟಿ. ಮಾತುಕತೆ ನಡೆಯುವಾಗ 125ನ್ನು ಒಮ್ಮೆಯೂ ಕೊಡಬೇಡಿ, ಕೊಟ್ಟರೆ ಒಪ್ಪಿದಿರೆಂದೇ ಎಣಿಸುತ್ತಾರೆ. ಅವರು 115 ಎಂದರೆ, ಮೂರು ವರ್ಷವೂ ಮಾರಾಟದ ಷರತ್ತೂ ಉಳಿಯುವುದಾದರೆ, ಒಪ್ಪಿಕೊಳ್ಳಿ. ಮೂರು ವರ್ಷದ ಮಾತು ಬಿಟ್ಟು ಬಾಡಿಗೆಯನ್ನಷ್ಟೇ ಇಳಿಸುತ್ತೇವೆಂದರೆ 110ಕ್ಕಿಂತ ಮೇಲೆ ಹೋಗಬೇಡಿ, ಏಕೆಂದರೆ ಮುಂದಿನ ವರ್ಷ ಇದೇ ಪತ್ರ ಮತ್ತೆ ಬರುತ್ತದೆ. ಎರಡೂ ಆಗದಿದ್ದರೆ ಬೇರೆ ಮನೆ ಹುಡುಕಲು ನಿಮಗೆ ಒಂದೂವರೆ ತಿಂಗಳಾದರೂ ಉಳಿಯಬೇಕು. ಹಾಗಾಗಿ ಪತ್ರ ಈ ವಾರವೇ ಹೋಗಲಿ.

— ಸಂಪಾದಕ