ಮನೆ ಖಾಲಿ ಮಾಡುವಾಗ ಓನರ್‌ಗೆ ಮೆಸೇಜ್ ಹೇಗೆ ಬರೆಯಬೇಕು?

ಪ್ರಶ್ನೆ: ಬೆಂಗಳೂರಲ್ಲಿ ಬಾಡಿಗೆ ಮನೆ ಖಾಲಿ ಮಾಡ್ತಿದ್ದೀನಿ. ಮನೆ ನೋಡೋಕೆ ಯಾವಾಗ ಬರ್ತೀರಾ, ಅಡ್ವಾನ್ಸ್ ಯಾವಾಗ ಕೊಡ್ತೀರಾ ಅಂತ ಓನರ್‌ಗೆ ಜಗಳ ಆಗದ ಹಾಗೆ ಹೇಗೆ ಬರೆಯಲಿ?

ಮೊದಲು ಅಗ್ರಿಮೆಂಟ್ ತೆಗೆದು ಎರಡು ಸಾಲು ಓದಿ: ನೋಟಿಸ್ ಎಷ್ಟು ತಿಂಗಳು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ. ನಮ್ಮ ಕಡೆ ಹನ್ನೊಂದು ತಿಂಗಳ ಅಗ್ರಿಮೆಂಟ್‌ಗಳಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಅಂತ ಬರೆದಿರುವುದೇ ಜಾಸ್ತಿ. ಸಹಿ ಹಾಕಿದ್ದರೆ ಅದರ ಬಗ್ಗೆ ಈಗ ವಾದ ಮಾಡಿ ಉಪಯೋಗ ಕಡಿಮೆ.

ನಾನು ಹೋದ ಸಲ ಕಳಿಸಿದ ಮೆಸೇಜ್ ಹೆಚ್ಚುಕಡಿಮೆ ಹೀಗಿತ್ತು:

> ನಮಸ್ಕಾರ ಸರ್. ಅಗ್ರಿಮೆಂಟ್ ಪ್ರಕಾರ ಒಂದು ತಿಂಗಳ ನೋಟಿಸ್ ಆಗಿ ಇವತ್ತು, ಏಪ್ರಿಲ್ 28ರಂದು, ಈ ಮೆಸೇಜ್ ಕಳಿಸುತ್ತಿದ್ದೇನೆ. ಮೇ 31ಕ್ಕೆ ಮನೆ ಖಾಲಿ ಮಾಡುತ್ತೇವೆ. ಮೇ ಬಾಡಿಗೆ ಎಂದಿನಂತೆ ಕೊಡುತ್ತೇನೆ. ಮೇ 23 ಶನಿವಾರ ಸಂಜೆ ಅಥವಾ 24 ಭಾನುವಾರ ಬೆಳಿಗ್ಗೆ ಬಂದು ಮನೆ ನೋಡಿದರೆ, ರಿಪೇರಿ ಏನಾದರೂ ಇದ್ದರೆ ನಾನೇ ಮಾಡಿಸಿ ಕೊಡಬಹುದು. ಯಾವುದು ಅನುಕೂಲ ತಿಳಿಸಿ. ಅಡ್ವಾನ್ಸ್ 1,50,000ದಲ್ಲಿ ಪೇಂಟಿಂಗ್ 18,000, ಕರೆಂಟ್ ಮತ್ತು ನೀರಿನ ಬಿಲ್ ಕಳೆದು ಉಳಿದದ್ದನ್ನು 31ರಂದು ಕೀ ಕೊಡುವಾಗ ಕಳಿಸಿಕೊಡಿ. ಬೇರೆ ಏನಾದರೂ ಹಿಡಿಯುವುದಿದ್ದರೆ ಮನೆ ನೋಡಿದ ದಿನವೇ ಹೇಳಿ. ಬ್ಯಾಂಕ್ ಅಕೌಂಟ್ ನಂಬರ್ ಕೆಳಗಿದೆ. ಹೊಸ ಬಾಡಿಗೆದಾರರು ಮನೆ ನೋಡಲು ಬರುವುದಿದ್ದರೆ ಒಂದು ಫೋನ್ ಮಾಡಿ, ತೋರಿಸುತ್ತೇನೆ.

ಇದರಲ್ಲಿ ಮುಖ್ಯವಾದದ್ದು ಮನೆ ನೋಡುವ ದಿನ. ಅದು ಕೊನೆಯ ದಿನ ಆಗಬಾರದು. ಲಾರಿ ಕೆಳಗೆ ನಿಂತಿರುವಾಗ ಓನರ್ ಬಂದು "ಇದು ಒಡೆದಿದೆ, ಅದು ಹೋಗಿದೆ" ಅಂದರೆ ಚೌಕಾಸಿ ಮಾಡಲು ನಮಗೆ ತಾಳ್ಮೆಯೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಒಂದು ವಾರ ಮುಂಚೆ ನೋಡಿದರೆ ನಲ್ಲಿ ಬದಲಾಯಿಸಲು, ಮೊಳೆಯ ತೂತು ಮುಚ್ಚಲು ಸಮಯ ಸಿಗುತ್ತದೆ. ಪ್ಲಂಬರ್‌ಗೆ ನಾವೇ ಕೊಡುವ ದುಡ್ಡಿಗೂ ಓನರ್ ಹಿಡಿದುಕೊಳ್ಳುವ ದುಡ್ಡಿಗೂ ಎಷ್ಟು ವ್ಯತ್ಯಾಸ ಅಂತ ಒಮ್ಮೆ ನೋಡಿದವರಿಗೆ ಗೊತ್ತು.

ನಮ್ಮ ಓನರ್ 24ಕ್ಕೆ ಬಂದರು. ಬಾತ್‌ರೂಮಿನ ವಾಶ್ ಬೇಸಿನ್ ಬಿರುಕು ಬಿಟ್ಟಿದೆ, ಹೊಸದು ಹಾಕಿಸಲು 4,000 ಆಗುತ್ತದೆ ಅಂದರು. ಮನೆಗೆ ಬಂದ ದಿನವೇ ಪ್ರತಿ ರೂಮಿನ ಫೋಟೋ ತೆಗೆದು ಅವರಿಗೇ ವಾಟ್ಸಾಪ್ ಮಾಡಿದ್ದೆ. ಅದೇ ಚಾಟ್‌ನಲ್ಲಿ ಮೇಲೆ ಹೋಗಿ ಆ ಬಿರುಕನ್ನು ತೋರಿಸಿದೆ. "ಸರಿ, ಬಿಡಿ" ಅಂದರು. ಅಡುಗೆಮನೆಯ ನಲ್ಲಿಯ ಹಿಡಿ ಮಾತ್ರ ನಮ್ಮ ಕೈಯಲ್ಲೇ ಮುರಿದದ್ದು. ಅದನ್ನು ನಾನಾಗಿಯೇ ಹೇಳಿ, ಎರಡು ದಿನದಲ್ಲಿ ಹಾಕಿಸಿದೆ. ನಿಮ್ಮ ಹತ್ತಿರ ಹಳೆಯ ಫೋಟೋ ಇಲ್ಲದಿದ್ದರೆ ಈಗಲಾದರೂ ಒಂದು ವಿಡಿಯೋ ಮಾಡಿಕೊಳ್ಳಿ, ಸಾಮಾನು ಸಾಗಿಸಿದ ಮೇಲೆ ಇನ್ನೊಂದು.

ಅವರು ಹೋದ ಸಂಜೆಯೇ ಲೆಕ್ಕ ಬರೆದು ಕಳಿಸಿದೆ: 1,50,000ದಲ್ಲಿ ಪೇಂಟಿಂಗ್ 18,000, ಕರೆಂಟ್ ಅಂದಾಜು 1,240, ನೀರು 600 ಕಳೆದರೆ 1,30,160. ಅವರಿಂದ "ಓಕೆ" ಬಂತು. ಆ ಒಂದು ಪದಕ್ಕಾಗಿಯೇ ಇಷ್ಟೆಲ್ಲ. ಫೋನ್‌ನಲ್ಲಿ ಒಪ್ಪಿಕೊಂಡದ್ದು ಕೊನೆಯ ದಿನ ಯಾರಿಗೂ ನೆನಪಿರುವುದಿಲ್ಲ ಅಲ್ವಾ? ಕೊನೆಯ ಕರೆಂಟ್ ಬಿಲ್ ಖಾಲಿ ಮಾಡಿದ ಮೇಲೆ ಬರುವುದರಿಂದ 31ರ ಬೆಳಿಗ್ಗೆ ಮೀಟರ್ ರೀಡಿಂಗ್‌ನ ಫೋಟೋ ತೆಗೆದಿಟ್ಟೆ.

ಅಕೌಂಟ್ ನಂಬರ್ ಒಂದು ತಿಂಗಳ ಮುಂಚೆಯೇ ಯಾಕೆ ಅಂದರೆ, ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷವೇ ಮಿತಿ. ಬ್ಯಾಂಕ್ ಆ್ಯಪ್‌ನಲ್ಲಿ ಹೊಸ ಅಕೌಂಟ್ ಸೇರಿಸಿದರೆ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಎಷ್ಟೋ ಬ್ಯಾಂಕ್‌ಗಳು ಬಿಡುವುದಿಲ್ಲ. "ಹೋಗ್ತಾ ಇಲ್ಲ, ನಾಳೆ ಕಳಿಸ್ತೀನಿ" ಅನ್ನುವುದು ಎಲ್ಲ ಸಲವೂ ನೆಪ ಅಲ್ಲ.

"ಹೊಸಬರು ಅಡ್ವಾನ್ಸ್ ಕೊಟ್ಟ ಮೇಲೆ ನಿಮಗೆ ಕೊಡ್ತೀನಿ" ಅಂತ ಉತ್ತರ ಬರಬಹುದು. ಅಗ್ರಿಮೆಂಟ್‌ನಲ್ಲಿ ಹಾಗೆ ಬರೆದಿಲ್ಲದಿದ್ದರೆ ಒಪ್ಪಿಕೊಳ್ಳಬೇಡಿ. "ನನಗೂ ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕು ಸರ್, ಕೀ ಕೊಡುವ ದಿನವೇ ಬೇಕು" ಅಂತ ಬರೆಯಿರಿ. ತೀರಾ ಕಷ್ಟ ಅಂದರೆ ಅರ್ಧ ಆ ದಿನ, ಉಳಿದದ್ದು ಇಂಥ ತಾರೀಖು ಅಂತ ಮೆಸೇಜ್‌ನಲ್ಲೇ ಬರೆಸಿಕೊಳ್ಳಿ. ಇದೇ ಭಯಕ್ಕೆ ಕೆಲವರು ಕೊನೆಯ ಎರಡು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಅಂತಾರೆ. ಓನರ್ ಒಪ್ಪಿದರೆ ಸರಿ. ಸುಮ್ನೆ ನಿಲ್ಲಿಸಿದರೆ ತಪ್ಪು ನಿಮ್ಮ ಕಡೆಗೆ ಬರುತ್ತದೆ.

31ರಂದು ನಮ್ಮ ಖಾಲಿ ಹಾಲ್‌ನಲ್ಲಿ ನಿಂತೇ ಅವರು ದುಡ್ಡು ಕಳಿಸಿದರು. ನನ್ನ ಫೋನ್‌ಗೆ ಬ್ಯಾಂಕ್ ಮೆಸೇಜ್ ಬಂದ ಮೇಲೆ ಮೂರು ಕೀಗಳನ್ನು ಅವರ ಕೈಗೆ ಕೊಟ್ಟು, ಅದರದ್ದೂ ಒಂದು ಫೋಟೋ ತೆಗೆದುಕೊಂಡೆ. ಅವರಿಗೆ ನಗು ಬಂತು.